ತಪ್ಪಿ ಹೋದ 14,200 ರೂಪಾಯಿ ಮತ್ತು ನಾನು ಬರೆದ ಮೆಸೇಜ್

ನಾನು ಹಾಸನದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದೇನೆ. ಲೈನಿಂಗ್ ಬಟ್ಟೆ, ಲೇಸು, ಫಾಲ್ಸ್ ಎಲ್ಲಾ ಬೆಂಗಳೂರಿನ ಚಿಕ್ಕಪೇಟೆಯಿಂದ ತರಿಸುತ್ತೇನೆ. 2024ರ ನವೆಂಬರ್ 12ರ ಸಂಜೆ ಅಂಗಡಿಯವರು ಫೋನ್ ಮಾಡಿ, "ಹಳೇ ನಂಬರಿಗೆ ಹಾಕ್ಬೇಡಿ ಅಕ್ಕ, ಹೊಸದು ಬರ್ಕೊಳ್ಳಿ" ಅಂದರು. ಅವರು ಹೇಳಿದ್ದು ಎಂಬತ್ತೇಳು. ಹೊಲಿಗೆ ಮಿಷನ್ ಸದ್ದಿನಲ್ಲಿ ನನಗೆ ಕೇಳಿದ್ದು ಎಪ್ಪತ್ತೇಳು. ಬರೆದುಕೊಂಡ ನಂಬರ್ ಒತ್ತಿದಾಗ ಪರದೆ ಮೇಲೆ ಬಂದ ಹೆಸರೂ ಅಂಗಡಿಯವರದ್ದೇ. ನಮ್ಮ ಕಡೆ ಬೀದಿಗೊಬ್ಬರಿಗೆ ಇರುವ ಹೆಸರು ಅದು. ಇನಿಷಿಯಲ್ ಬೇರೆ ಇತ್ತು, ಅದನ್ನು ನಾನು ಗಮನಿಸಲಿಲ್ಲ. ಪಿನ್ ಹಾಕಿದೆ. 14,200 ರೂಪಾಯಿ ಹೋಯಿತು.

ರಾತ್ರಿ ಒಂಬತ್ತಕ್ಕೆ ಅಂಗಡಿಯವರು "ಬಂದಿಲ್ವಲ್ಲ ಅಕ್ಕ" ಅಂದಾಗಲೇ ಗೊತ್ತಾಗಿದ್ದು.

ಆಗಲೇ ಆ ನಂಬರಿಗೆ ಫೋನ್ ಮಾಡಿದೆ. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲ ಒಬ್ಬರು ಎತ್ತಿ "ಯಾರ್ರೀ?" ಅಂದರು. ನಾನು ಗಾಬರಿಯಲ್ಲಿ ಒಂದೇ ಉಸಿರಿಗೆ, "ನಮ್ಮ ದುಡ್ಡು ನಿಮ್ಮ ಅಕೌಂಟಿಗೆ ಬಂದಿದೆ, ಈಗಲೇ ವಾಪಸ್ ಹಾಕಿ" ಅಂದುಬಿಟ್ಟೆ. ಕಟ್ ಮಾಡಿದರು. ಆಮೇಲೆ ಎತ್ತಲೇ ಇಲ್ಲ. ಇವತ್ತು ಯೋಚಿಸಿದರೆ ಆ ಒಂದು ಮಾತೇ ನನಗೆ ಹದಿನೈದು ದಿನ ತಿಂದಿತು. ಗೊತ್ತಿಲ್ಲದ ನಂಬರಿನಿಂದ ಒಬ್ಬರು ರಾತ್ರಿ ಫೋನ್ ಮಾಡಿ "ತಪ್ಪಿ ಬಂದ ದುಡ್ಡು ವಾಪಸ್ ಹಾಕಿ" ಅನ್ನುವುದು, ಮೋಸ ಮಾಡುವವರು ದಿನಾ ಆಡುವ ಮಾತೇ ಅಲ್ವಾ? ಸುಳ್ಳು ಎಸ್ಸೆಮ್ಮೆಸ್ ಕಳಿಸಿ, ಹಣ ಬಂದಿದೆ ಅಂತ ನಂಬಿಸಿ, ವಾಪಸ್ ಹಾಕಿಸಿಕೊಳ್ಳುವುದು. ಅವರು ಕಟ್ ಮಾಡಿದ್ದೇ ಸರಿ.

ಅದೇ ರಾತ್ರಿ ಆ್ಯಪ್‌ನಲ್ಲಿ ಆ ವ್ಯವಹಾರವನ್ನು ತೆರೆದು, ತಪ್ಪು ಖಾತೆಗೆ ಹೋಗಿದೆ ಅಂತ ದೂರು ಕೊಟ್ಟೆ. ಬೆಳಿಗ್ಗೆ ನನ್ನ ಬ್ಯಾಂಕಿನ ಶಾಖೆಗೆ ಹೋಗಿ, ಬಿಳಿ ಹಾಳೆಯಲ್ಲಿ ಒಂದು ಅರ್ಜಿ, ಅದರ ಜೊತೆ ಸ್ಟೇಟ್‌ಮೆಂಟ್ ಕೊಟ್ಟೆ. ಅರ್ಜಿಯಲ್ಲಿ ಮುಖ್ಯವಾಗಿ ಬೇಕಾದದ್ದು 12 ಅಂಕಿಯ ಯುಟಿಆರ್ ನಂಬರ್. ಪ್ರತಿ ಯುಪಿಐ ವ್ಯವಹಾರಕ್ಕೂ ಒಂದು ಇರುತ್ತದೆ. ನನ್ನ ಸ್ಟೇಟ್‌ಮೆಂಟಿನಲ್ಲಿ ಇರುವ ನಂಬರೇ ಅವರ ಸ್ಟೇಟ್‌ಮೆಂಟಿನಲ್ಲೂ ಇರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಕೆಲಸಕ್ಕೆ ಬಂತು. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡೆ.

ಕೌಂಟರಿನಲ್ಲಿದ್ದ ಮೇಡಂ ತಾಳ್ಮೆಯಿಂದ ಹೇಳಿದರು. "ನೀವೇ ಪಿನ್ ಹಾಕಿದ್ದೀರಿ, ಹಣ ಚಾಲ್ತಿಯಲ್ಲಿರುವ ಖಾತೆಗೆ ಜಮಾ ಆಗಿದೆ. ನಾವು ಆ ಬ್ಯಾಂಕಿಗೆ ಬರೀತೀವಿ. ಅವರು ತಮ್ಮ ಗ್ರಾಹಕರನ್ನ ಕೇಳ್ತಾರೆ. ಗ್ರಾಹಕರು ಒಪ್ಪದೆ ಯಾರೂ ಆ ಖಾತೆಯಿಂದ ತೆಗೆಯೋಕಾಗಲ್ಲ." ಆವತ್ತು ನನಗೆ ಸಿಟ್ಟು ಬಂದಿತ್ತು. ಆಮೇಲೆ ನನ್ನ ಅಂಗಡಿಯ ಲೆಕ್ಕಕ್ಕೇ ಅದನ್ನು ಹಚ್ಚಿ ನೋಡಿದೆ. ಒಬ್ಬರು ನನ್ನಿಂದ ಬ್ಲೌಸ್ ಹೊಲಿಸಿಕೊಂಡು, ಹಣ ಹಾಕಿ, ಮನೆಗೆ ಹೋಗಿ "ತಪ್ಪಿ ಹಾಕಿದೆ" ಅಂತ ಬ್ಯಾಂಕಿಗೆ ಹೇಳಿದ ತಕ್ಷಣ ನನ್ನ ಖಾತೆಯಿಂದ ತೆಗೆದುಬಿಟ್ಟರೆ? ನಾನು ಸುಮ್ನೆ ಇರುತ್ತೇನಾ? ಹಾಗಾಗಿ ಬ್ಯಾಂಕ್ ಕೇಳಬಹುದು, ಕಿತ್ತುಕೊಳ್ಳುವಂತಿಲ್ಲ. ಅವರ ವಿಳಾಸವನ್ನೂ ನನಗೆ ಕೊಡುವಂತಿಲ್ಲ, ಅದು ಅವರ ಗ್ರಾಹಕರ ಗುಟ್ಟು.

ನವೆಂಬರ್ 27ಕ್ಕೆ ಉತ್ತರ ಬಂತು. ಹಣ ಪಡೆದವರು ಸ್ಪಂದಿಸಿಲ್ಲ, ದೂರು ಮುಗಿಸಲಾಗಿದೆ ಅಂತ. ಇನ್ನು ಉಳಿದದ್ದು ಒಂದೇ ದಾರಿ. ನಾನೇ ಅವರಿಗೆ ಬರೆಯಬೇಕು.

ಪಕ್ಕದ ಮೊಬೈಲ್ ಅಂಗಡಿಯ ಹುಡುಗ "ಅಕ್ಕ, 1930ಕ್ಕೆ ಫೋನ್ ಮಾಡಿ, ಅಕೌಂಟ್ ಫ್ರೀಜ್ ಆಗುತ್ತೆ, ತಾನೇ ಓಡಿ ಬರ್ತಾರೆ" ಅಂದ. ಒಳ್ಳೆಯದಕ್ಕೇ ಹೇಳಿದ. ಆದರೆ 1930 ಇರುವುದು ಸೈಬರ್ ಮೋಸಕ್ಕೆ. ನನಗೆ ಯಾರೂ ಮೋಸ ಮಾಡಿರಲಿಲ್ಲ. ನನ್ನ ಬೆರಳು ಒತ್ತಿದ ನಂಬರಿಗೆ ಹಣ ಹೋಗಿತ್ತು. ಸುಳ್ಳು ದೂರಿನಿಂದ ಒಬ್ಬರ ಸಂಬಳ, ಸಾಲದ ಕಂತು ಎಲ್ಲಾ ಸಿಕ್ಕಿಹಾಕಿಕೊಂಡರೆ? ನಾನು ಒಪ್ಪಲಿಲ್ಲ. ನಿಮಗೂ ಯಾರಾದರೂ ಇದನ್ನು ಹೇಳಿಯೇ ಹೇಳುತ್ತಾರೆ. ದಯವಿಟ್ಟು ಮಾಡಬೇಡಿ.

ಮೊದಲು ಬರೆದ ಮೆಸೇಜ್ ಹೀಗಿತ್ತು: "ನನ್ನ 14,200 ರೂಪಾಯಿ ನಿಮ್ಮ ಹತ್ತಿರ ಇದೆ. ಬ್ಯಾಂಕಿನವರು ಕೇಳಿದರೂ ನೀವು ಉತ್ತರ ಕೊಟ್ಟಿಲ್ಲ. ಎರಡು ದಿನದಲ್ಲಿ ಕೊಡದಿದ್ದರೆ ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ. ಈ ಕ್ಯೂಆರ್‌ಗೆ ಹಾಕಿ." ಕಳಿಸುವ ಮೊದಲು ನಮ್ಮತ್ತೆಗೆ ಓದಿ ಹೇಳಿದೆ. ಅವರು ಹೇಳಿದ್ದು ಒಂದೇ ಮಾತು: "ಇದನ್ನ ನಿಂಗೆ ಯಾರಾದ್ರೂ ಕಳಿಸಿದ್ರೆ ನೀನು ಹಾಕ್ತಿದ್ಯಾ?" ಖಂಡಿತ ಹಾಕುತ್ತಿರಲಿಲ್ಲ. ಹೆದರಿಸುವ ಮಾತು, ಗಡುವು, ಕ್ಯೂಆರ್. ಕಳ್ಳರ ಮೆಸೇಜಿನಲ್ಲಿ ಇರುವ ಮೂರೂ ಅದರಲ್ಲಿತ್ತು. ಅಳಿಸಿದೆ.

ಆಗ ಒಂದು ವಿಷಯ ಹೊಳೆಯಿತು. ಆ ಮನುಷ್ಯರಿಗೆ ಕೊಡುವ ಮನಸ್ಸಿಲ್ಲ ಅಂತ ನಾನು ಅಂದುಕೊಂಡಿದ್ದೆ. ಅವರಿಗೆ ನಿಜವಾಗಿ ಇದ್ದದ್ದು ಭಯ ಇರಬಹುದು. ಹಾಗಿದ್ದರೆ ನನ್ನ ಮೆಸೇಜ್ ಬೇಡಿಕೊಳ್ಳುವುದಕ್ಕಿಂತ ಮೊದಲು ಆ ಭಯ ಕಳೆಯಬೇಕು. ಅದಕ್ಕೆ ಕಳ್ಳರು ಎಂದೂ ಬರೆಯದ ಮಾತನ್ನು ಬರೆಯಬೇಕು. ಯಾವ ಕಳ್ಳನೂ "ನನ್ನ ಮಾತು ನಂಬಬೇಡಿ, ನಿಮ್ಮ ಬ್ಯಾಂಕಿಗೆ ಹೋಗಿ ಕೇಳಿ" ಅನ್ನುವುದಿಲ್ಲ. ಅವನಿಗೆ ಆತುರ. ನಾನು ಅದನ್ನೇ ನಡುಮಧ್ಯಕ್ಕೆ ಇಟ್ಟೆ.

ನವೆಂಬರ್ 28ಕ್ಕೆ ವಾಟ್ಸಾಪ್‌ನಲ್ಲಿ ಕಳಿಸಿದ್ದು ಇದು. ಹೆಸರು, ನಂಬರ್ ಬಿಟ್ಟು ಹಾಗೇ ಕೊಡುತ್ತಿದ್ದೇನೆ:

"ನಮಸ್ಕಾರ ಸರ್. ನಾನು ಹಾಸನದಿಂದ, ಟೈಲರಿಂಗ್ ಅಂಗಡಿ ಇಟ್ಟಿದ್ದೇನೆ. ನವೆಂಬರ್ 12ರ ರಾತ್ರಿ ನಿಮಗೆ ಫೋನ್ ಮಾಡಿ ಗಾಬರಿಯಲ್ಲಿ ಒರಟಾಗಿ ಮಾತಾಡಿದ್ದೆ. ಕ್ಷಮಿಸಿ.

ಆ ದಿನ ಸಂಜೆ 6.42ಕ್ಕೆ ನಾನು ಬಟ್ಟೆ ಅಂಗಡಿಯವರಿಗೆ ಕಳಿಸಬೇಕಿದ್ದ 14,200 ರೂಪಾಯಿ, ಒಂದು ಅಂಕಿ ತಪ್ಪಿ, ನಿಮ್ಮ ನಂಬರಿಗೆ ಬಂದಿದೆ. ತಪ್ಪು ಪೂರ್ತಿ ನನ್ನದು, ನಿಮ್ಮದು ಏನೂ ಇಲ್ಲ. ಯುಟಿಆರ್ ನಂಬರ್ (ಇಲ್ಲಿ 12 ಅಂಕಿ).

ನೀವು ನನ್ನ ಮಾತು ನಂಬಬೇಕಾಗಿಲ್ಲ. ಎಸ್ಸೆಮ್ಮೆಸ್ ಕೂಡ ನೋಡಬೇಡಿ. ನಿಮ್ಮ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಅಥವಾ ಬ್ಯಾಂಕಿನಲ್ಲಿ ಈ ನಂಬರ್ ತೋರಿಸಿ ಕೇಳಿ. ಹಣ ಬಂದಿರುವುದು ನಿಜ ಅಂತ ನಿಮಗೆ ಅನ್ನಿಸಿದ ಮೇಲೆ ಮಾತ್ರ ವಾಪಸ್ ಕೊಡಿ.

ನಾನು ಯಾವ ಲಿಂಕೂ ಕಳಿಸುವುದಿಲ್ಲ, ಒಟಿಪಿ, ಪಿನ್ ಕೇಳುವುದಿಲ್ಲ. ನಿಮ್ಮ ಆ್ಯಪ್‌ನಲ್ಲಿ ಆ ಹಣ ಬಂದ ಎಂಟ್ರಿ ತೆರೆದರೆ ನನ್ನ ಹೆಸರು ಬರುತ್ತದೆ, ಅಲ್ಲಿಂದಲೇ ಕಳಿಸಬಹುದು. ಇಲ್ಲವಾದರೆ ನಿಮ್ಮ ಶಾಖೆಯಲ್ಲಿ 'ಈ ಹಣ ಹಿಂದಿರುಗಿಸಲು ಒಪ್ಪಿಗೆ ಇದೆ' ಅಂತ ಬರೆದುಕೊಟ್ಟರೂ ಸಾಕು, ಬ್ಯಾಂಕಿನವರೇ ಕಳಿಸುತ್ತಾರೆ. ನಿಮಗೆ ಯಾವುದು ಅನುಕೂಲವೋ ಹಾಗೆ.

ಹಣ ಖರ್ಚಾಗಿದ್ದರೆ ಹೇಳಿ, ಮಾತಾಡಿಕೊಳ್ಳೋಣ. ನಿಮಗೆ ಬಿಡುವಿದ್ದಾಗ ಒಂದು ಉತ್ತರ ಕೊಡಿ."

ಇದರಲ್ಲಿ ಮೂರು ಜಾಗ ತುಂಬ ಯೋಚಿಸಿ ಬರೆದದ್ದು.

ಒಂದು, ಸ್ಕ್ರೀನ್‌ಶಾಟ್ ಹಾಕಲಿಲ್ಲ. ಎಲ್ಲರೂ ಮೊದಲು ಅದನ್ನೇ ಹಾಕುತ್ತಾರೆ. ಆದರೆ ಸುಳ್ಳು ಸ್ಕ್ರೀನ್‌ಶಾಟ್ ಮಾಡುವುದು ಎರಡು ನಿಮಿಷದ ಕೆಲಸ ಅಂತ ಈಗ ಎಲ್ಲರಿಗೂ ಗೊತ್ತು. ಅದರಿಂದ ನಂಬಿಕೆ ಬರುವುದಿಲ್ಲ. ತಾರೀಕು, ಮೊತ್ತ, ಯುಟಿಆರ್ ಮೂರನ್ನೂ ಅವರು ತಮ್ಮ ಪಾಸ್‌ಬುಕ್ಕಿನಲ್ಲಿ ತಾವೇ ಕಂಡರೆ ಬರುತ್ತದೆ. ಹಣ ನಿಜವಾಗಿ ಬಂದಿಲ್ಲದಿದ್ದರೆ ಆ 12 ಅಂಕಿ ಅಲ್ಲಿ ಇರಲು ಸಾಧ್ಯವೇ ಇಲ್ಲ.

ಎರಡು, ವಾಪಸ್ ಕಳಿಸಲು ಹೊಸ ನಂಬರ್ ಕೊಡಲಿಲ್ಲ. ಹಣ ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು. ಇದು ಅವರಿಗೂ ಕ್ಷೇಮ. ನಾಳೆ ಯಾರಾದರೂ ಕೇಳಿದರೆ, ಬಂದದ್ದೂ ಹೋದದ್ದೂ ಒಂದೇ ಹೆಸರಿನಲ್ಲಿ ಅವರ ಸ್ಟೇಟ್‌ಮೆಂಟಿನಲ್ಲೇ ಇರುತ್ತದೆ. "ನಮ್ಮ ಮನೆಯವರ ಅಕೌಂಟಿಗೆ ಹಾಕಿ" ಅಂತ ಬರೆದರೆ ಅನುಮಾನ ಬರುವುದು ಸಹಜ.

ಮೂರು, "ಖರ್ಚಾಗಿದ್ದರೆ ಹೇಳಿ" ಅನ್ನುವ ಸಾಲು. ನಮ್ಮ ಯಜಮಾನರು ಅದನ್ನು ಬೇಡ ಅಂದರು, "ಖರ್ಚು ಮಾಡು ಅಂತ ನೀನೇ ಹೇಳ್ಕೊಟ್ಟಂಗೆ ಆಯ್ತು" ಅಂತ. ನಾನು ಇಟ್ಟೆ. ಖರ್ಚು ಮಾಡಿ ನಾಚಿಕೆಯಿಂದ ಸುಮ್ಮನಿದ್ದವರಿಗೆ ಮಾತು ಶುರುಮಾಡಲು ಒಂದು ಬಾಗಿಲು ಬೇಕು. ಕೊನೆಗೆ ಆ ಸಾಲಿನಿಂದಲೇ ಉತ್ತರ ಬಂದದ್ದು.

ಕಾನೂನಿನ ಮಾತು ಎಲ್ಲೂ ತರಲಿಲ್ಲ. ಕಾನೂನು ಇದೆ. 1872ರ ಭಾರತೀಯ ಕರಾರು ಕಾಯ್ದೆಯ 72ನೇ ಕಲಂ ಪ್ರಕಾರ, ತಪ್ಪಿನಿಂದ ಹಣ ಪಡೆದವರು ಅದನ್ನು ಹಿಂದಿರುಗಿಸಬೇಕು. ಆದರೆ ಮೊದಲ ಪತ್ರದಲ್ಲೇ ಕಲಂ ಹಾಕಿದರೆ ಓದುವವರು ವಕೀಲರ ಹತ್ತಿರ ಹೋಗುತ್ತಾರೆ, ಇಲ್ಲಾ ಫೋನ್ ಆಫ್ ಮಾಡುತ್ತಾರೆ. ಉತ್ತರ ಬರೆಯುವುದಿಲ್ಲ.

ಮೆಸೇಜಿಗೆ ಎರಡು ಟಿಕ್ ಬಂತು, ನೀಲಿ ಆಗಲಿಲ್ಲ. ಮರುದಿನ ಒಂದು ತಪ್ಪು ಮಾಡಿದೆ. ಗೊತ್ತಿದ್ದವರು ಹೇಳಿದರು ಅಂತ ಆ ನಂಬರಿಗೆ ಒಂದು ರೂಪಾಯಿ ಹಾಕಿ, ಟಿಪ್ಪಣಿಯ ಜಾಗದಲ್ಲಿ ಹೀಗೆ ಬರೆದೆ:

```
14200 sent by mistake 12 Nov. Pls see WhatsApp
```

ಇದನ್ನು ತುಂಬ ಜನ ಮಾಡುತ್ತಾರೆ. ನೋಡಿಯೇ ನೋಡುತ್ತಾರೆ ಅನ್ನುವುದು ಲೆಕ್ಕ. ಆದರೆ ಆ ಒಂದು ರೂಪಾಯಿ ಬಂದಾಗಲೇ ತಮಗೆ ಜಾಸ್ತಿ ಹೆದರಿಕೆ ಆಯಿತು ಅಂತ ಅವರು ಆಮೇಲೆ ಹೇಳಿದರು. ಚಿಕ್ಕ ಹಣ ಹಾಕಿ ಆಸೆ ತೋರಿಸಿ, ಖಾತೆಗೆ ಕೈ ಹಾಕುವವರ ಬಗ್ಗೆ ಕೇಳಿದ್ದರಂತೆ. ನನ್ನ ಕೇಳಿದರೆ ಇದನ್ನು ಬಿಡುವುದೇ ಒಳ್ಳೆಯದು.

ಕೆಲಸಕ್ಕೆ ಬಂದದ್ದು ಸಾದಾ ಎಸ್ಸೆಮ್ಮೆಸ್. 30ನೇ ತಾರೀಕು ಕನ್ನಡದಲ್ಲೇ ಬರೆದೆ: "ಸರ್, 12ರಂದು ತಪ್ಪಿ ಹಣ ಕಳಿಸಿದವಳು ನಾನು. ಆತುರ ಇಲ್ಲ. ಪಾಸ್‌ಬುಕ್ ನೋಡಿ. ವಿವರ ವಾಟ್ಸಾಪ್‌ನಲ್ಲಿ ಇದೆ." ಕನ್ನಡ ಅಕ್ಷರದಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 70 ಅಕ್ಷರ ಮಾತ್ರ, ಮೀರಿದರೆ ಎರಡಾಗುತ್ತದೆ. ಎರಡಾದರೂ ಪರವಾಗಿಲ್ಲ ಅಂತ ಕನ್ನಡವನ್ನೇ ಬಿಡಲಿಲ್ಲ. ಕಳ್ಳರ ಮೆಸೇಜು ಸಾಮಾನ್ಯವಾಗಿ ಇಂಗ್ಲಿಷಿನಲ್ಲೋ ಮುರುಕು ಭಾಷೆಯಲ್ಲೋ ಬರುತ್ತದೆ. ಮನೆಮಾತಿನ ಹದ ಇದ್ದರೆ ಓದುವವರಿಗೆ ಒಂದು ಮನುಷ್ಯರ ದನಿ ಕೇಳಿಸುತ್ತದೆ.

ಡಿಸೆಂಬರ್ 1, ಭಾನುವಾರ. ಮಧ್ಯಾಹ್ನ ಫೋನ್ ಬಂತು. ಅದೇ ನಂಬರ್.

"ಅಕ್ಕಾರ, ನಾ ಲಗೇಜ್ ಗಾಡಿ ಹೊಡಿತೀನ್ರಿ. ನಮ್ ಮಗಳು ಓದಿ ಹೇಳಿದ್ಲು. ದುಡ್ಡು ಬಂದದ್ದು ಖರೇನ ರೀ, ನಿನ್ನೆ ಪಾಸ್‌ಬುಕ್ ಹೊಡಿಸಿದೆ. ಆದ್ರ ಒಂದು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ."

ವಿಷಯ ಇಷ್ಟು. ಅವರು ಆ ಹಣವನ್ನು ಮುಟ್ಟಿರಲಿಲ್ಲ. ಆದರೆ ಪ್ರತಿ ತಿಂಗಳು 15ಕ್ಕೆ ಗಾಡಿ ಸಾಲದ ಕಂತು ಆ ಖಾತೆಯಿಂದ ತಾನಾಗಿ ಕಟ್ ಆಗುತ್ತದೆ. ಆವತ್ತು ಖಾತೆಯಲ್ಲಿ ಅವರದ್ದು ಅಂತ ಹೆಚ್ಚೇನೂ ಇರಲಿಲ್ಲ. 3,150 ರೂಪಾಯಿ ನನ್ನ ಹಣದಿಂದಲೇ ಹೋಗಿತ್ತು. ಕೈಯಲ್ಲಿ ಪೂರ್ತಿ ಇಲ್ಲದೆ ಫೋನ್ ಎತ್ತುವುದು ಹೇಗೆ ಅಂತ ಸುಮ್ಮನಿದ್ದರು. "ಖರ್ಚಾಗಿದ್ದರೆ ಹೇಳಿ ಅಂತ ಬರದೀರಲ್ಲ, ಅದಕ್ಕ ಫೋನ್ ಮಾಡಿದೆ" ಅಂದರು. ಬ್ಯಾಂಕಿನಿಂದ ಬಂದ ಕರೆಯನ್ನೂ ಮೋಸದ ಕರೆ ಅಂದುಕೊಂಡು ಕಟ್ ಮಾಡಿದ್ದರಂತೆ. ಹಾಗಾಗಿ "ಸ್ಪಂದಿಸಿಲ್ಲ" ಅಂತ ಕಾಗದ ಬಂದದ್ದು.

ನನಗೆ ಆ ಕ್ಷಣ ಒಂದು ನೆನಪಾಯಿತು. ನಾನು ಬರೆದ ಮೊದಲ ಮೆಸೇಜನ್ನೇ ಕಳಿಸಿದ್ದರೆ ಈ ಮನುಷ್ಯ ಎಂದೂ ಫೋನ್ ಮಾಡುತ್ತಿರಲಿಲ್ಲ.

"ಸದ್ಯಕ್ಕೆ ಇರೋದನ್ನ ಹಾಕಿ ಅಣ್ಣ, ಉಳಿದದ್ದು ಯಾವಾಗ ಆಗುತ್ತೆ?" ಅಂದೆ. ಬಾಡಿಗೆ ಹಣ ಹತ್ತನೇ ತಾರೀಕು ಬರುತ್ತದೆ ಅಂದರು. ಒಪ್ಪಿದೆ. ಕರೆ ಮುಗಿದ ಮೇಲೆ ಮಾತಾಡಿದ್ದನ್ನು ಹಾಗೇ ವಾಟ್ಸಾಪ್‌ನಲ್ಲಿ ಬರೆದೆ: "ಈಗ 11,000, ಡಿಸೆಂಬರ್ 10ಕ್ಕೆ 3,200, ಒಟ್ಟು 14,200. ಸರಿ ಇದ್ದರೆ 'ಸರಿ' ಅಂತ ಕಳಿಸಿ ಅಣ್ಣ." ಅವರ ಮಗಳು ಅಪ್ಪನ ಹೆಸರಿನಲ್ಲಿ "ಸರಿ" ಅಂತ ಕಳಿಸಿದಳು. ಬಾಯಿಮಾತು ಮರೆತುಹೋಗುತ್ತದೆ, ಬರೆದದ್ದು ಇಬ್ಬರಿಗೂ ಉಳಿಯುತ್ತದೆ. ಅನುಮಾನದಿಂದ ಮಾಡಿದ್ದಲ್ಲ ಅಂತ ಅವರಿಗೂ ಹೇಳಿದೆ.

ಮರುದಿನ ಬೆಳಿಗ್ಗೆ ಮೊದಲು ಒಂದು ರೂಪಾಯಿ ಕಳಿಸಿ, "ನಿಮಗೇ ಬಂತೇನ್ರಿ?" ಅಂತ ಕೇಳಿದರು. ಬಂತು ಅಂದ ಮೇಲೆ 10,999 ಹಾಕಿದರು.

ನನಗೆ ಇಷ್ಟು ಸುಲಭವಾಗಿದ್ದು ಫೋನ್ ನಂಬರಿಗೆ ಹಾಕಿದ್ದರಿಂದ. ಖಾತೆ ನಂಬರ್ ತಪ್ಪಿ ನೆಫ್ಟ್‌ನಲ್ಲಿ ಹೋಗಿದ್ದರೆ ಬರೆಯುವುದು ಯಾರಿಗೆ ಅಂತಲೇ ಗೊತ್ತಾಗುವುದಿಲ್ಲ. 2010ರಿಂದ ರಿಸರ್ವ್ ಬ್ಯಾಂಕಿನ ಸೂಚನೆ ಇರುವುದೇ ಖಾತೆ ನಂಬರ್ ಒಂದನ್ನೇ ನೋಡಿ ಜಮಾ ಮಾಡಬಹುದು ಅಂತ. ನೀವು ಹೆಸರು ಸರಿಯಾಗಿ ಬರೆದಿದ್ದರೂ ನಂಬರ್ ಯಾರದ್ದೋ ಅವರಿಗೆ ಹೋಗುತ್ತದೆ. (2025ರ ಏಪ್ರಿಲ್ 1ರೊಳಗೆ ನೆಫ್ಟ್, ಆರ್‌ಟಿಜಿಎಸ್‌ನಲ್ಲೂ ಕಳಿಸುವ ಮೊದಲು ಹೆಸರು ತೋರಿಸುವ ಸೌಲಭ್ಯ ಕೊಡಬೇಕು ಅಂತ ಬ್ಯಾಂಕುಗಳಿಗೆ ಹೇಳಿದ್ದರು. ದಯವಿಟ್ಟು ಆ ಹೆಸರನ್ನು ಇನಿಷಿಯಲ್ ಸಮೇತ ಓದಿ.) ಆಗ ಮಾಡಬಹುದಾದದ್ದು, ನೀವು ಹಾಕಿದ ಐಎಫ್‌ಎಸ್‌ಸಿ ಕೋಡಿನಿಂದ ಶಾಖೆ ಯಾವುದು ಅಂತ ಹುಡುಕುವುದು. ಇದೇ ಮೆಸೇಜನ್ನು ಹಾಳೆಯಲ್ಲಿ ಬರೆದು, ಆ ಶಾಖೆಯ ಮ್ಯಾನೇಜರಿಗೆ ಕೊಟ್ಟು, "ವಿಳಾಸ ನನಗೆ ಬೇಡ ಸರ್, ಈ ಪತ್ರ ಮಾತ್ರ ಅವರಿಗೆ ತಲುಪಿಸಿ" ಅಂತ ಕೇಳಿಕೊಳ್ಳಿ. ವಿಳಾಸ ಕೇಳಿದರೆ ಇಲ್ಲ ಅನ್ನುವವರು ಪತ್ರ ತಲುಪಿಸಲು ಒಪ್ಪುವ ಸಾಧ್ಯತೆ ಇದೆ.

ಮೆಸೇಜಿಗೆ ಉತ್ತರವೇ ಬಾರದಿದ್ದರೆ ಏನು ಅಂತ ನಾನೂ ವಿಚಾರಿಸಿ ಇಟ್ಟುಕೊಂಡಿದ್ದೆ. ಹತ್ತು ದಿನ ಬಿಟ್ಟು ಇನ್ನೊಂದು ಸಲ ಮೆತ್ತಗೆ ನೆನಪಿಸುವುದು, ಆಮೇಲೆ ವಕೀಲರ ನೋಟಿಸು, ಅದಕ್ಕೂ ಆಗದಿದ್ದರೆ ಸಿವಿಲ್ ಕೋರ್ಟು. ದಾವೆಗೆ ಮೂರು ವರ್ಷದ ಅವಧಿ ಇದೆ, ಹಾಗಾಗಿ ಮೊದಲ ವಾರದಲ್ಲೇ ಜಗಳಕ್ಕೆ ಇಳಿಯಬೇಕಾಗಿಲ್ಲ. ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು ಅಂತ ಕೆಲವರು ಹೇಳುತ್ತಾರೆ. ಹೋಗಬಹುದು, ಆದರೆ ಅದು ಬ್ಯಾಂಕಿನ ಮೇಲಿನ ದೂರಿಗೆ. ಬ್ಯಾಂಕ್ 30 ದಿನ ಉತ್ತರ ಕೊಡದಿದ್ದರೆ, ಅಥವಾ ಅದರ ಸೇವೆಯಲ್ಲಿ ಲೋಪ ಇದ್ದರೆ. ಹಣ ಪಡೆದ ಅಪರಿಚಿತರನ್ನು ಅವರು ಕರೆಸಿ ಕೇಳುವುದಿಲ್ಲ.

ಡಿಸೆಂಬರ್ 10ರ ಸಂಜೆ ಏಳು ಗಂಟೆಗೆ 3,200 ಬಂತು. ನಾನು ನೆನಪಿಸಿಯೂ ಇರಲಿಲ್ಲ. ಕೂಡಲೇ ಬರೆದೆ: "ಅಣ್ಣ, ನವೆಂಬರ್ 12ರಂದು ತಪ್ಪಿ ಬಂದ 14,200 ರೂಪಾಯಿ ಪೂರ್ತಿ ನನಗೆ ವಾಪಸ್ ಬಂದಿದೆ. ಇನ್ನು ನೀವು ನನಗೆ ಏನೂ ಕೊಡಬೇಕಾಗಿಲ್ಲ. ಈ ಮೆಸೇಜ್ ಇಟ್ಟುಕೊಳ್ಳಿ." ಮರುದಿನ ಶಾಖೆಗೆ ಹೋಗಿ, ಹಣ ಸಿಕ್ಕಿದೆ, ಆ ಖಾತೆಯವರ ಮೇಲೆ ನನ್ನದು ಯಾವ ದೂರೂ ಇಲ್ಲ ಅಂತ ಬರೆದುಕೊಟ್ಟು, ಆ ಪತ್ರದ ಸೀಲು ಹಾಕಿದ ಪ್ರತಿಯ ಫೋಟೋವನ್ನೂ ಅವರಿಗೆ ಕಳಿಸಿದೆ. ರಾತ್ರಿ ಉತ್ತರ ಬಂತು, ಮಗಳೇ ಬರೆದದ್ದು: "ಅಪ್ಪ ಪ್ರಿಂಟ್ ತೆಗಿಸಿ ಪಾಸ್‌ಬುಕ್ಕಿನೊಳಗ ಇಟ್ಟಾರ ಆಂಟಿ."